‘ಎಷ್ಟು?’ ಎಂದಷ್ಟೇ ಕೇಳಿದವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಯೊಳಗೆ ನಿಂತು ‘ಎಷ್ಟು?’ ಎಂದು ಕೇಳುವವರ ಬೆರಳು ಯಾವುದೋ ಒಂದು ವಸ್ತುವಿನ ಮೇಲಿರುತ್ತದೆ. ಪ್ರಶ್ನೆಯ ಅರ್ಧವನ್ನು ಆ ಬೆರಳೇ ಹೇಳಿಬಿಡುತ್ತದೆ. ಅದೇ ಮಾತು ಅಂಗಡಿಯ ವಾಟ್ಸಾಪ್‌ಗೆ ಬಂದಾಗ ಬೆರಳು ನಮಗೆ ಕಾಣಿಸುವುದಿಲ್ಲ. ಆದರೆ ಗ್ರಾಹಕರ ಮಟ್ಟಿಗೆ ಆ ಪ್ರಶ್ನೆ ಪೂರ್ಣವಾಗಿಯೇ ಇದೆ, ಏಕೆಂದರೆ ಅವರು ಈಗತಾನೆ ಒಂದು ಚಿತ್ರವನ್ನು ನೋಡಿ ಬಂದಿರುತ್ತಾರೆ.

ಇದಕ್ಕೆ ನಾವು ‘ಯಾವುದು?’ ಎಂದು ಮರುಪ್ರಶ್ನೆ ಹಾಕಿದರೆ, ಅವರು ಹಿಂದಕ್ಕೆ ಹೋಗಿ ಆ ಚಿತ್ರವನ್ನು ಹುಡುಕಬೇಕು, ಹೆಸರು ಗೊತ್ತಿಲ್ಲದ ವಸ್ತುವನ್ನು ಮಾತಿನಲ್ಲಿ ವರ್ಣಿಸಬೇಕು. ಬೆಲೆ ತಿಳಿಯುವ ಮೊದಲೇ ಇಷ್ಟು ಶ್ರಮ ಏಕೆಂದು ಹಲವರು ಸುಮ್ಮನಾಗುತ್ತಾರೆ. ನಾನೂ ಬಹಳ ದಿನ ಹೀಗೆಯೇ ಕೇಳುತ್ತಿದ್ದೆ. ಉತ್ತರ ಬಾರದಿದ್ದಾಗ ಇವರಿಗೆ ಕೊಳ್ಳುವ ಮನಸ್ಸೇ ಇರಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಕೇಳುವುದಕ್ಕೆ ಮೊದಲು ನೋಡಬೇಕು. ಗ್ರಾಹಕರು ನಮ್ಮ ಸ್ಟೇಟಸ್‌ಗೇ ಉತ್ತರವಾಗಿ ಬರೆದಿದ್ದರೆ ಆ ಸ್ಟೇಟಸ್‌ನ ಸಣ್ಣ ಚಿತ್ರ ಅವರ ಸಂದೇಶದ ಮೇಲ್ಭಾಗದಲ್ಲೇ ಕಾಣುತ್ತದೆ. ಕ್ಯಾಟಲಾಗ್‌ನ ಒಂದು ವಸ್ತುವಿನ ಪುಟದಿಂದ ಬರೆದಿದ್ದರೆ ಆ ವಸ್ತುವೇ ಸಂದೇಶಕ್ಕೆ ಅಂಟಿಕೊಂಡು ಬರುತ್ತದೆ. ಅವಸರದಲ್ಲಿ ಅದನ್ನು ಗಮನಿಸದೆ ಯಾವುದೆಂದು ಕೇಳಿದರೆ, ತೋರಿಸಿದರೂ ನೋಡದವರೆಂಬ ಹೆಸರು ಬರುತ್ತದೆ. ಸ್ಟೇಟಸ್ 24 ಗಂಟೆಗಳಲ್ಲಿ ಮರೆಯಾಗುವುದರಿಂದ, ಯಾವ ದಿನ ಯಾವ ಚಿತ್ರ ಹಾಕಿದ್ದೆವೆಂಬುದನ್ನು ನಮ್ಮ ಬಳಿ ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಂಥ ಯಾವ ಸುಳಿವೂ ಇಲ್ಲದ ಸಂದರ್ಭವನ್ನು ನೋಡೋಣ. ಚೀಲಗಳನ್ನು ಮಾರುವವರೊಬ್ಬರು ಸಂಜೆ ಮೂರು ಚಿತ್ರಗಳನ್ನು ಹಾಕಿದ್ದಾರೆ: ಒಂದು ಹೆಗಲ ಚೀಲ, ಒಂದು ಪ್ರಯಾಣದ ಚೀಲ, ಒಂದು ಲ್ಯಾಪ್‌ಟಾಪ್ ಚೀಲ. ರಾತ್ರಿ ಹೊಸ ನಂಬರಿನಿಂದ ‘ಎಷ್ಟು?’ ಎಂಬ ಒಂದೇ ಪದ ಬರುತ್ತದೆ. ಆಗ ಮೂರೂ ಚೀಲಗಳಿರುವ ಒಂದೇ ಚಿತ್ರದ ಮೇಲೆ 1, 2, 3 ಎಂದು ಬರೆದು, ಪ್ರತಿಯೊಂದರ ಹೆಸರು, ಅಳತೆ, ಬೆಲೆಗಳನ್ನು ಅದರ ಕೆಳಗೇ ಕೊಟ್ಟು, ಕೊನೆಯಲ್ಲಿ ಹೀಗೆ ಬರೆಯಬಹುದು: ‘ನಮಸ್ಕಾರ, ಇಂದು ಹಾಕಿದ ಚೀಲಗಳು ಇವು. ನೀವು ನೋಡಿದ್ದು ಇವುಗಳಲ್ಲಿ ಯಾವುದು? ಸಂಖ್ಯೆ ಕಳುಹಿಸಿದರೆ ಸಾಕು. ಬೇರೆಯದಾಗಿದ್ದರೆ ಅದರ ಚಿತ್ರ ಕಳುಹಿಸಿ.’ ಕೇಳಿದ್ದಕ್ಕೆ ಉತ್ತರ ಮೊದಲು ಸಿಕ್ಕಿತು, ನಮ್ಮ ಪ್ರಶ್ನೆ ಆಮೇಲೆ ಬಂತು. ಗ್ರಾಹಕರು ಒತ್ತಬೇಕಾದದ್ದು ಒಂದೇ ಅಂಕಿ.

ಬೆಲೆ ಹೇಳಿಬಿಟ್ಟರೆ ಮಾತೇ ಮುಗಿದುಹೋಗುತ್ತದೆ, ಆದ್ದರಿಂದ ಮೊದಲು ಮಾತಿಗೆಳೆಯಬೇಕೆನ್ನುವ ವ್ಯಾಪಾರಿಗಳಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬೆಲೆ ಕೇಳಿ ಹೊರಟುಹೋಗುವವರು ಹತ್ತು ಸಂದೇಶಗಳ ನಂತರವೂ ಹೊರಟೇ ಹೋಗುತ್ತಾರೆ. ಕೊಳ್ಳಲು ಬಂದವರನ್ನು ಮಾತ್ರ ನಾವು ಸುಮ್ಮನೆ ಕಾಯಿಸಿದಂತಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿಯಾದದ್ದು. ಹೆಗಲ ಚೀಲವೇ ಇರಬೇಕೆಂದು ಊಹಿಸಿ, ವಸ್ತುವಿನ ಹೆಸರಿಲ್ಲದೆ ಬರಿಯ ಮೊತ್ತವನ್ನು ಕಳುಹಿಸಿದೆವು ಎನ್ನಿ. ಗ್ರಾಹಕರ ಮನಸ್ಸಿನಲ್ಲಿದ್ದದ್ದು ಪ್ರಯಾಣದ ದೊಡ್ಡ ಚೀಲ. ಅವರು ಒಪ್ಪಿ ವಿಳಾಸ ಕೊಟ್ಟ ಮೇಲೆ ನಾವು ತಿದ್ದಿ ಹೇಳಿದರೆ, ಅದು ತಿದ್ದುಪಡಿಯಂತೆ ಕಾಣದೆ ಬೆಲೆ ಏರಿಸಿದಂತೆ ಕಾಣುತ್ತದೆ. ಆದ್ದರಿಂದ ಮೊತ್ತ, ಹೆಸರು, ಚಿತ್ರ ಇವು ಮೂರೂ ಒಂದೇ ಸಂದೇಶದಲ್ಲಿರಬೇಕು.

ನಮ್ಮ ‘ಎಷ್ಟು’ ಎಂಬ ಪದಕ್ಕೂ ಒಂದು ತುಂಟತನವಿದೆ. ಮಾತುಕತೆಯ ನಡುವೆ ಬಂದಾಗ ಅದು ಎಷ್ಟು ಉಳಿದಿವೆ, ಎಷ್ಟು ದಿನ ಹಿಡಿಯುತ್ತದೆ, ಸಾಗಣೆಗೆ ಎಷ್ಟು ಎಂಬುದೂ ಆಗಿರಬಹುದು. ಹಿಂದಿನ ನಾಲ್ಕು ಸಾಲು ಓದಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ಅಂಗಡಿಯಲ್ಲಿ ನೂರಾರು ಬಗೆಗಳಿದ್ದರೆ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಉಪಾಯ ನಡೆಯದು. ಎಲ್ಲವನ್ನೂ ಸುರಿದರೆ ಗ್ರಾಹಕರು ಮತ್ತೆ ಹುಡುಕಾಟಕ್ಕೇ ಬೀಳುತ್ತಾರೆ. ಅಲ್ಲಿ ‘ಹೆಗಲಿಗೆ ಹಾಕುವುದೋ, ಪ್ರಯಾಣಕ್ಕೋ?’ ಎಂದು ಬಳಕೆಯ ಮೇಲೆ ಕೇಳಿ, ಆ ಬಗೆಯ ಆರಂಭಿಕ ಬೆಲೆಯನ್ನು ‘ಇಷ್ಟರಿಂದ ಶುರು’ ಎಂದು ಜೊತೆಗೇ ತಿಳಿಸುವುದು ಸೂಕ್ತ.

ಉತ್ತರ ಬಾರದಿದ್ದರೆ ಮರುದಿನ ಒಮ್ಮೆ ಮಾತ್ರ ಬರೆಯಬಹುದು; ಆಗಲೂ ‘ಏನಾಯಿತು?’ ಎನ್ನದೆ, ‘ಎರಡನೆಯ ಚೀಲ ಇನ್ನೂ ಇದೆ’ ಎಂಬಂಥ ಒಂದು ಮಾಹಿತಿಯನ್ನಷ್ಟೇ ಕೊಡಬೇಕು. ಮತ್ತೆ ಮತ್ತೆ ಬರೆದರೆ ನಂಬರನ್ನೇ ಬ್ಲಾಕ್ ಮಾಡುತ್ತಾರೆ.

ಇಂಥ ಉತ್ತರಗಳನ್ನು ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೊದಲೇ ಬರೆದಿಟ್ಟು, ಓರೆಗೆರೆಯನ್ನು, ಅಂದರೆ / ಚಿಹ್ನೆಯನ್ನು ಒತ್ತಿ ಹೊರತೆಗೆಯುವ ಅನುಕೂಲವಿದೆ. ಅಲ್ಲಿ ಬರೆದಿಟ್ಟ ಬೆಲೆ ಮಾತ್ರ ತಾನಾಗಿ ಬದಲಾಗುವುದಿಲ್ಲ. ಹೀಗಾಗಿ ನಾನು ವಾಕ್ಯವನ್ನಷ್ಟೇ ಉಳಿಸಿಟ್ಟು, ಬೆಲೆಯ ಜಾಗವನ್ನು ಖಾಲಿ ಬಿಟ್ಟು, ಅದನ್ನು ಪ್ರತಿ ಸಲವೂ ಕೈಯಾರೆ ತುಂಬುತ್ತೇನೆ.