ಟಾರ್ಚಿನ ಜೊತೆ ಕಟ್ಟಿದ ಡಬ್ಬಿ

ಕೇಳುಗರಿಗೆ ನಮಸ್ಕಾರ. ನಾನು ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಬರುವ ಆರೋಗ್ಯ ಕಾರ್ಯಕರ್ತೆ. ಇವತ್ತು ನಿಮಗೆ ಒಬ್ಬ ಅಜ್ಜನ ಕಥೆ ಹೇಳುತ್ತೇನೆ.

ಅಜ್ಜನಿಗೆ 68 ವರ್ಷ. ಹುಟ್ಟಿನಿಂದ ರೈತ. ಎರಡು ತಿಂಗಳು ಬಿಡದೆ ಕೆಮ್ಮಿದರು, ಸಂಜೆಯಾದರೆ ಜ್ವರ, ರಾತ್ರಿ ಬೆವರು. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಗೊತ್ತಾಯಿತು. ಆಗ ಅವರ ತೂಕ 44 ಕಿಲೋ. ಆ ತೂಕಕ್ಕೆ ದಿನಕ್ಕೆ 3 ಮಾತ್ರೆ, ಮೂರನ್ನೂ ಒಟ್ಟಿಗೇ ನುಂಗಬೇಕು. ಒಟ್ಟು 6 ತಿಂಗಳು. ಮೊದಲ 2 ತಿಂಗಳು ಒಂದು ಬಗೆಯ ಮಾತ್ರೆ, ಆಮೇಲಿನ 4 ತಿಂಗಳು ಇನ್ನೊಂದು ಬಗೆ.

ಮೊದಲ ಎರಡು ತಿಂಗಳು ಅಜ್ಜ ಒಂದು ದಿನವೂ ತಪ್ಪಿಸಲಿಲ್ಲ. ಕೆಮ್ಮು ಅಷ್ಟು ಹೆದರಿಸಿತ್ತು. ಎರಡನೇ ತಿಂಗಳ ಕೊನೆಗೆ ಮತ್ತೆ ಕಫ ಪರೀಕ್ಷೆ ಮಾಡಿಸಿದೆವು. ರೋಗಾಣು ಕಾಣಲಿಲ್ಲ. ತೂಕ 47ಕ್ಕೆ ಬಂದಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ನಿಜ ಹೇಳಬೇಕೆಂದರೆ, ನನಗೆ ಭಯ ಶುರುವಾಗುವುದೇ ಆಗ. ಕೆಮ್ಮುವವರು ಮಾತ್ರೆ ಬಿಡುವುದಿಲ್ಲ. ಕೆಮ್ಮು ನಿಂತವರು ಬಿಡುತ್ತಾರೆ. ಅಜ್ಜನ ಮೂರನೇ ತಿಂಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಹೊಲದಲ್ಲಿ ಪೈರು ಕೊಯ್ಲಿಗೆ ಬಂತು.

ಕೊಯ್ಲು ಶುರುವಾಗಿ ಎರಡು ವಾರ ಕಳೆದಿರಬೇಕು. ನಾನು ಅವರ ಮನೆಗೆ ಹೋದಾಗ ಅಜ್ಜ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದರು. ತುಂಬಾ ಖುಷಿಯಲ್ಲಿದ್ದರು. "ಮಗಳೇ, ಒಂದು ಒಳ್ಳೆ ಸುದ್ದಿ. ಈಗ ಮೂತ್ರ ಕೆಂಪಗೆ ಹೋಗುತ್ತಿಲ್ಲ. ನೀರಿನ ಹಾಗೆ ತಿಳಿಯಾಗಿದೆ. ರೋಗ ಪೂರ್ತಿ ಹೋಯಿತು ಅಂತ ಕಾಣುತ್ತದೆ" ಅಂದರು.

ನನ್ನ ಎದೆ ಧಸಕ್ ಅಂತು. ಯಾಕೆ ಅಂದರೆ ಆ ಕೆಂಪು ಬಣ್ಣ ರೋಗದ್ದಲ್ಲ, ಮಾತ್ರೆಯದು. ಆ ಮಾತ್ರೆಯಲ್ಲಿ ರಿಫಾಂಪಿಸಿನ್ ಅಂತ ಒಂದು ಔಷಧ ಇರುತ್ತದೆ. ಅದನ್ನು ತೆಗೆದುಕೊಂಡ ಕೆಲವೇ ಗಂಟೆಯಲ್ಲಿ ಮೂತ್ರಕ್ಕೆ ಕಿತ್ತಳೆ ಇಲ್ಲವೇ ಕೆಂಪು ಬಣ್ಣ ಬರುತ್ತದೆ. ಬೆವರು, ಕಣ್ಣೀರಿಗೂ ಸ್ವಲ್ಪ ಬಣ್ಣ ಬರಬಹುದು. ಅದರಿಂದ ತೊಂದರೆ ಏನೂ ಇಲ್ಲ. ಮಾತ್ರೆ ನಿಲ್ಲಿಸಿದರೆ ಬಣ್ಣವೂ ನಿಲ್ಲುತ್ತದೆ. ಅಜ್ಜ ನನಗೆ ಒಳ್ಳೆ ಸುದ್ದಿ ಅಂತ ಹೇಳಿದ್ದು, ತಾವು ಮಾತ್ರೆ ಬಿಟ್ಟ ಸುದ್ದಿಯನ್ನು.

ಅಜ್ಜಿ ಒಳಗಿಂದ ಮಾತ್ರೆಯ ಪಟ್ಟಿಗಳನ್ನು ತಂದುಕೊಟ್ಟರು. ಎಣಿಸಿದೆ. 27 ಮಾತ್ರೆ ಹೆಚ್ಚಾಗಿ ಉಳಿದಿದ್ದವು. ದಿನಕ್ಕೆ 3ರಂತೆ 9 ದಿನ.

ಆವತ್ತು ನಾನು ಒಂದು ತಪ್ಪು ಮಾಡಿದೆ. ಗಾಬರಿಯಲ್ಲಿ ಬೈದುಬಿಟ್ಟೆ. "ಹೀಗೆ ಮಾಡಿದರೆ ರೋಗ ತಿರುಗಿ ಬರುತ್ತದೆ, ಮೊಮ್ಮಗನಿಗೂ ಅಂಟುತ್ತದೆ" ಅಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅಜ್ಜ ಒಂದು ಮಾತೂ ಆಡದೆ ಕುಡುಗೋಲು ಎತ್ತಿಕೊಂಡು ಹೊಲಕ್ಕೆ ಹೊರಟುಹೋದರು. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಯಾಕೆ ಬಿಟ್ಟಿರಿ ಅಂತ ನಾನು ಕೇಳಲೇ ಇಲ್ಲ, ಅಲ್ವಾ?

ಮಾರನೇ ದಿನ ಸಂಜೆ ಹೊಲಕ್ಕೇ ಹೋದೆ. ಕೊಯ್ಲಿನವರು ಮನೆಗೆ ಹೊರಟಿದ್ದರು. ಅಜ್ಜ ಒಬ್ಬರೇ ಬದುವಿನ ಮೇಲೆ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮಾತ್ರೆಯ ಸುದ್ದಿ ಎತ್ತಲಿಲ್ಲ. "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊಲಕ್ಕೆ ಇಳಿಯುತ್ತೀರಿ ಅಜ್ಜ?" ಅಂತ ಕೇಳಿದೆ.

ಆ ಒಂದು ಪ್ರಶ್ನೆಗೆ ಎಲ್ಲ ಹೊರಬಂತು.

ಅಜ್ಜ ಬೆಳಿಗ್ಗೆ 5ಕ್ಕೆ ಇಳಿಯುತ್ತಾರೆ. ಬಿಸಿಲು ಏರಿದರೆ ತೆನೆ ಒಣಗಿ ಕಾಳು ಉದುರುತ್ತದೆ, ಅದಕ್ಕೇ ತಂಪು ಹೊತ್ತಿನಲ್ಲೇ ಜಾಸ್ತಿ ಕೆಲಸ ಆಗಬೇಕು. ಖಾಲಿ ಹೊಟ್ಟೆಯಲ್ಲಿ ಮೂರು ಮಾತ್ರೆ ನುಂಗಿದರೆ ಒಂದೆರಡು ಗಂಟೆ ಹೊಟ್ಟೆ ತೊಳಸುತ್ತದೆ. ಮೊದಲು ಮನೆಯಲ್ಲಿ ಮಲಗಿರುತ್ತಿದ್ದರು, ಹೇಗೋ ಕಳೆಯುತ್ತಿತ್ತು. ಈಗ ಬಗ್ಗಿ ಕೊಯ್ಯುವಾಗ ವಾಂತಿ ಬಂದ ಹಾಗಾಗುತ್ತದೆ. "ಇಷ್ಟು ಜನ ಕೊಯ್ಯುತ್ತಿರುವಾಗ ಯಜಮಾನ ನೆರಳಲ್ಲಿ ಕೂತರೆ ಹೇಗೆ ಮಗಳೇ?" ಅಂದರು. ಇನ್ನೊಂದು ಮಾತನ್ನು ಬಹಳ ಮೆಲ್ಲಗೆ ಹೇಳಿದರು. ಬದುವಿನ ಹತ್ತಿರ ಮೂತ್ರಕ್ಕೆ ಕೂತಾಗ ಆ ಕೆಂಪು ಬಣ್ಣವನ್ನು ಯಾರೋ ನೋಡಿ, ರಕ್ತ ಹೋಗುತ್ತಿದೆಯಾ ಅಂತ ಕೇಳಿದ್ದರಂತೆ. ಅಜ್ಜನಿಗೆ ನಾಚಿಕೆಯಾಗಿತ್ತು.

ಇದರ ಮೇಲೆ, ರಾತ್ರಿ ಮಲಗುವುದು ಕಣದಲ್ಲಿ. ರಾಶಿ ಕಾಯಬೇಕಲ್ಲ. ಮಾತ್ರೆ ಇರುವುದು ಮನೆಯಲ್ಲಿ.

ನೋಡಿ, ಒಬ್ಬ ಮನುಷ್ಯ ಮಾತ್ರೆ ಬಿಡುವುದಕ್ಕೆ ಎಷ್ಟು ಕಾರಣ! ಇದರಲ್ಲಿ ಹಟ ಅನ್ನುವುದು ಒಂದೂ ಇಲ್ಲ.

ಆದರೆ ಹೊಟ್ಟೆ ತೊಳಸುತ್ತದೆ ಅಂದಾಗ ನಾನು ಮೊದಲು ನೋಡಬೇಕಾದದ್ದು ಬೇರೆಯೇ ಇತ್ತು. ಟಿಬಿ ಮಾತ್ರೆ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಅಜ್ಜನ ಕೆಳರೆಪ್ಪೆ ಎಳೆದು ಸಂಜೆ ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿನ ಬಿಳಿ ಭಾಗ ಬಿಳಿಯಾಗೇ ಇತ್ತು, ಹಳದಿ ಇರಲಿಲ್ಲ. ಊಟ ಸೇರುತ್ತದೆಯಾ, ಹೊಟ್ಟೆಯ ಬಲಗಡೆ ನೋವಿದೆಯಾ, ಮೈ ತುರಿಸುತ್ತದೆಯಾ ಅಂತ ಕೇಳಿದೆ. ಅದೇನೂ ಇರಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆಯ ಹೊತ್ತು ಬದಲಿಸುವುದು ನಾನೊಬ್ಬಳೇ ತೀರ್ಮಾನಿಸುವ ಸಂಗತಿ ಅಲ್ಲ.

ಡಾಕ್ಟರು ಎಲ್ಲ ಕೇಳಿಸಿಕೊಂಡು, ಕಫ ಮತ್ತು ರಕ್ತ ಎರಡನ್ನೂ ಪರೀಕ್ಷೆಗೆ ಕಳಿಸಲು ಹೇಳಿದರು. ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಕೊಡಬಹುದು ಅಂದರು. ಊಟವಾಗಿ ಎರಡು ಗಂಟೆ ಕಳೆದಿರಬೇಕು. ತುಂಬಿದ ಹೊಟ್ಟೆಯಲ್ಲಿ ರಿಫಾಂಪಿಸಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ತಪ್ಪಿದ 9 ದಿನವನ್ನು ಕೊನೆಯಲ್ಲಿ ಸೇರಿಸಬೇಕು, ಒಂದೇ ದಿನ ಎರಡು ಪಾಲು ನುಂಗುವ ಹಾಗಿಲ್ಲ. ಒಂದು ತಿಂಗಳಿಗಿಂತ ಜಾಸ್ತಿ ಬಿಟ್ಟಿದ್ದರೆ ಇಷ್ಟು ಸುಲಭಕ್ಕೆ ಮುಂದುವರಿಸಲು ಆಗುತ್ತಿರಲಿಲ್ಲ. ಮೊದಲಿಂದ ಎಲ್ಲ ಪರೀಕ್ಷೆ ಮಾಡಿ ನೋಡಬೇಕಾಗುತ್ತಿತ್ತು.

ಫೋನ್ ಇಟ್ಟ ಮೇಲೆ ಅಜ್ಜ ಕೇಳಿದರು. "ಕಫದಲ್ಲಿ ರೋಗಾಣು ಇಲ್ಲ ಅಂತ ನೀನೇ ಹೇಳಿದ್ದೆ. ಇಲ್ಲದ ರೋಗಕ್ಕೆ ಇನ್ನೂ ಯಾಕೆ ಮಾತ್ರೆ?"

ಇದು ನ್ಯಾಯವಾದ ಪ್ರಶ್ನೆ. ನಾನು ಹೇಳಿದೆ: ರೋಗಾಣುಗಳಲ್ಲಿ ಬೇಗ ಬೇಗ ಬೆಳೆಯುವವು ಇರುತ್ತವೆ, ಮಲಗಿದ ಹಾಗೆ ಸುಮ್ನೆ ಇರುವವೂ ಇರುತ್ತವೆ. ಬೆಳೆಯುವವು ಮೊದಲ ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಸಾಯುತ್ತವೆ, ಅದಕ್ಕೇ ಕೆಮ್ಮು ನಿಲ್ಲುತ್ತದೆ. ಮಲಗಿರುವವು ಬಹಳ ಕಡಿಮೆ, ಕಫದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮಾತ್ರೆ ಅವುಗಳನ್ನು ಕೊಲ್ಲುವುದು ಅವು ಎದ್ದು ಬೆಳೆಯಲು ಹೊರಟಾಗ. ಇವತ್ತು ಕೆಲವು ಏಳುತ್ತವೆ, ಮುಂದಿನ ತಿಂಗಳು ಕೆಲವು. ಎದ್ದ ದಿನ ಮೈಯಲ್ಲಿ ಮಾತ್ರೆ ಇರಬೇಕು.

ಅಜ್ಜ ಸ್ವಲ್ಪ ಹೊತ್ತು ಕೊಯ್ದ ಹೊಲವನ್ನೇ ನೋಡಿದರು. ಆಮೇಲೆ ಬದುವಿನ ಬುಡದಲ್ಲಿದ್ದ ಜೇಕಿನ ಹುಲ್ಲನ್ನು ಕಿತ್ತರು. ಹುಲ್ಲು ಕೈಗೆ ಬಂತು, ಗಡ್ಡೆ ಬರಲಿಲ್ಲ. ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿ, ಬೆರಳ ತುದಿಯಷ್ಟು ಸಣ್ಣ ಕಪ್ಪು ಗಡ್ಡೆಯನ್ನು ತೆಗೆದು ನನ್ನ ಅಂಗೈಗೆ ಹಾಕಿದರು.

"ಇದು ಅನ್ನು" ಅಂದರು. "ಮೇಲೆ ಕಿತ್ತು ಹಸನು ಮಾಡಿದರೆ ಹೊಲ ನೋಡಲು ಚೆಂದ. ಎಂಟು ದಿನಕ್ಕೆ ಮತ್ತೆ ಎದ್ದಿರುತ್ತದೆ. ಎದ್ದಾಗಲೆಲ್ಲ ತೆಗೆಯುತ್ತಲೇ ಇರಬೇಕು, ಗಡ್ಡೆ ಸೊರಗುವವರೆಗೆ."

ನನಗಿಂತ ಚೆನ್ನಾಗಿ ಹೇಳಿದರು. ನಾನು ಒಂದೇ ಮಾತು ಸೇರಿಸಿದೆ. ಮಾತ್ರೆಯನ್ನು ನಡುವೆ ಬಿಟ್ಟು ಬಿಟ್ಟು ತೆಗೆದುಕೊಂಡರೆ, ಮಾತ್ರೆಗೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುವ ಅಪಾಯ ಇದೆ. ಆಗ ಈ ಮಾತ್ರೆ ಕೆಲಸಕ್ಕೆ ಬರುವುದಿಲ್ಲ. ಬೇರೆ ಔಷಧ ಹುಡುಕಬೇಕು, ಅವು ಮೈಗೆ ಇನ್ನೂ ಭಾರ.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸಂಜೆ 7ಕ್ಕೆ ಮೊಮ್ಮಗ ಕಣಕ್ಕೆ ಊಟ ತರುತ್ತಾನೆ. ಮಾತ್ರೆ 9 ಗಂಟೆ ದಾಟಿದ ಮೇಲೆ. ಗಡಿಯಾರ ನೋಡುವ ಅಭ್ಯಾಸ ಅಜ್ಜನಿಗಿಲ್ಲ. ಆದರೆ ಮಲಗುವ ಮುಂಚೆ ದಿನಾ ತಪ್ಪದೆ ಟಾರ್ಚ್ ಹಿಡಿದು ರಾಶಿಯ ಸುತ್ತ ಒಂದು ಸುತ್ತು ಬರುತ್ತಾರೆ. ಅದು ಒಂಬತ್ತೂವರೆಯ ಸುಮಾರಿಗೆ. "ಟಾರ್ಚ್ ಮರೆಯುತ್ತೀರಾ ಅಜ್ಜ?" ಅಂದೆ. "ಟಾರ್ಚ್ ಮರೆತರೆ ರಾಶಿ ಕಾಯುವುದು ಹೇಗೆ?" ಅಂದರು. ಸರಿ, ಒಂದು ಮುಚ್ಚಳದ ಡಬ್ಬಿ ತಂದು ಟಾರ್ಚಿನ ಹಿಡಿಗೇ ದಾರದಿಂದ ಕಟ್ಟಿದೆವು. ಅದರಲ್ಲಿ ಒಂದು ವಾರದ ಮಾತ್ರೆ, ಪಟ್ಟಿಯಿಂದ ಬಿಡಿಸದೆ. ಬಿಡಿಸಿ ಇಟ್ಟರೆ ತೇವ ಹಿಡಿಯುತ್ತದೆ. ಹಗಲು ಹೊತ್ತು ಟಾರ್ಚ್ ಗುಡಿಸಲ ಒಳಗೆ, ಬಿಸಿಲು ತಾಗದ ಕಡೆ.

ಕೆಂಪು ಬಣ್ಣದ ವಿಷಯಕ್ಕೆ ನಾನು ಅಜ್ಜನಿಗೆ ಹೇಳಿದ್ದು ಇಷ್ಟೇ: "ಅದು ನಿಮ್ಮ ಸಾಕ್ಷಿ. ಬೆಳಿಗ್ಗೆ ಕೆಂಪಗಿದ್ದರೆ ರಾತ್ರಿಯ ಮಾತ್ರೆ ಒಳಗೆ ಹೋಗಿದೆ ಅಂತ ಅರ್ಥ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಮಾತ್ರೆ ನಿಲ್ಲಿಸಿ ಆವತ್ತೇ ನನ್ನನ್ನು ಕರೆಸಿ. ಕೊಯ್ಲು ಮುಗಿಯಲಿ ಅಂತ ಕಾಯಬೇಡಿ."

ಎರಡು ದಿನ ಬಿಟ್ಟು ಬೆಳಿಗ್ಗೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಹೊಲದ ನಡುವಿನಿಂದ ಅಜ್ಜ ಕುಡುಗೋಲು ಎತ್ತಿ ಕೂಗಿದರು. "ಕೆಂಪು, ಮಗಳೇ! ಇವತ್ತೂ ಕೆಂಪು!" ಕೊಯ್ಯುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಅಜ್ಜ ಅವರಿಗೇ ವಿವರಿಸಲು ನಿಂತರು, ಯಾವ ಮಾತ್ರೆ, ಯಾಕೆ ಕೆಂಪು ಅಂತ. ಮೊನ್ನೆ ಮೆಲ್ಲಗೆ ಹೇಳಿದ್ದ ಮಾತು ಅದು.

ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ, ರಕ್ತ ಪರೀಕ್ಷೆಯೂ ಸರಿಯಾಗಿ ಬಂತು. ರಾತ್ರಿ ಮಾತ್ರೆ ನುಂಗಿ ಮಲಗಿದರೆ ತೊಳಸುವುದು ನಿದ್ದೆಯಲ್ಲೇ ಕಳೆಯುತ್ತಿತ್ತು. ಕೊಯ್ಲು ಮುಗಿಯಿತು, ಒಕ್ಕಣೆ ಮುಗಿಯಿತು, ಕಾಳು ಮನೆ ಸೇರಿತು. ಕಣದಿಂದ ಮನೆಗೆ ಬಂದ ಮೇಲೂ ಅಜ್ಜ ಡಬ್ಬಿಯನ್ನು ಟಾರ್ಚಿನಿಂದ ಬಿಚ್ಚಲಿಲ್ಲ.

ಆರನೇ ತಿಂಗಳು ತುಂಬಿದ ದಿನ ಹೋದೆ. ಒಂಬತ್ತು ದಿನದ ನೆನಪು ಇದೆಯೋ ಇಲ್ಲವೋ ಅಂತ ನನಗೆ ಅನುಮಾನ. ಬಾಗಿಲ ಪಕ್ಕದ ಗೋಡೆಯಲ್ಲಿ ಇದ್ದಿಲಿನಿಂದ ಒಂಬತ್ತು ಗೆರೆ ಎಳೆದಿದ್ದರು. ಒಂದೂ ಅಳಿಸಿರಲಿಲ್ಲ. "ಇವತ್ತು ರಾತ್ರಿಯಿಂದ ಶುರು" ಅಂದರು.

ಹತ್ತನೇ ದಿನ ಮತ್ತೆ ಹೋದಾಗ ಗೋಡೆ ಖಾಲಿ ಇತ್ತು. ಕೊನೆಯ ಕಫ ಪರೀಕ್ಷೆಯಲ್ಲೂ ರೋಗಾಣು ಇರಲಿಲ್ಲ. ಅಜ್ಜ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಆವತ್ತಿನಿಂದ ಈವರೆಗಿನ ಖಾಲಿ ಪಟ್ಟಿಗಳು, ಒಂದರ ಮೇಲೊಂದು ಜೋಡಿಸಿಟ್ಟಿದ್ದವು.

"ಎಣಿಸಿಕೋ ಮಗಳೇ" ಅಂದರು.

ಕೂತು ಒಂದೊಂದೇ ಎಣಿಸಿದೆ.