ಮನೆ ಯಾರ ದುಡ್ಡಿನದು? ವಿಲ್ ಬರೆಯುವ ಮುಂಚೆ ನೋಡಬೇಕಾದ ಲೆಕ್ಕ

(ಹಾಸನದಲ್ಲಿ ನಿವೃತ್ತ ನೌಕರರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹುಪಾಲು ಜನರದ್ದು ಒಂದೇ ಥರದ ಸಂಸಾರ. ಹಾಸನದಲ್ಲೊಂದು ಮನೆ, ಊರಲ್ಲಿ ಅಷ್ಟೋ ಇಷ್ಟೋ ಜಮೀನು. ವಿಲ್ ಬರೆಸಲು ಬಂದವರು ಕುರ್ಚಿ ಎಳೆದುಕೊಳ್ಳುತ್ತಲೇ ಹೇಳುವ ಮಾತೂ ಒಂದೇ: "ಮನೆ ನನ್ನ ಹೆಸರಲ್ಲೇ ಇದೆ ಸಾರ್, ಖಾತೆನೂ ನನ್ನದೇ. ಯಾರಿಗೆ ಬೇಕಾದರೂ ಬರೀಬಹುದು ಅಲ್ವಾ?"

ಬರೆಯಬಹುದು. ಆದರೆ ಅದು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಖಾತೆ ತೀರ್ಮಾನಿಸುವುದಿಲ್ಲ. ಖಾತೆ ಇರುವುದು ನಗರಸಭೆಗೆ ಕಂದಾಯ ಯಾರು ಕಟ್ಟಬೇಕು ಅಂತ ಗೊತ್ತಾಗಲಿಕ್ಕೆ. ಒಟ್ಟು ಕುಟುಂಬದ ಆಸ್ತಿಯೂ ಯಜಮಾನನ ಹೆಸರಲ್ಲೇ ಇರುತ್ತದೆ. ಕೋರ್ಟು ಕೇಳುವುದು ಬೇರೆ ಪ್ರಶ್ನೆ: ಈ ಮನೆಗೆ ದುಡ್ಡು ಎಲ್ಲಿಂದ ಬಂತು?

ಇದನ್ನು ಒಂದು ಕಲ್ಪಿತ ಪ್ರಕರಣದ ಮೂಲಕ ಹೇಳುತ್ತೇನೆ. ಒಬ್ಬರು ಮೇಷ್ಟ್ರು. ಆಲೂರು ತಾಲ್ಲೂಕಿನ ಹಳ್ಳಿಯವರು, ಅಪ್ಪನಿಗೆ ಒಬ್ಬನೇ ಮಗ. ಊರಲ್ಲಿ ತಾತನ ಕಾಲದ 2 ಎಕರೆ 10 ಗುಂಟೆ ಕುಷ್ಕಿ ಜಮೀನು. 1968ರಲ್ಲಿ ಸರ್ಕಾರಿ ಶಾಲೆಗೆ ಸೇರಿದರು. 1988ರಲ್ಲಿ ಹಾಸನದಲ್ಲಿ 22,000 ರೂಪಾಯಿಗೆ ಒಂದು ಮೂವತ್ತು ನಲವತ್ತು ಸೈಟು ಕೊಂಡರು. 1992ರಲ್ಲಿ ಮನೆ ಎದ್ದಿತು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಮೊದಲೇ ತೀರಿಕೊಂಡರು. ಕೊನೆಗಾಲದಲ್ಲಿ ನೋಡಿಕೊಂಡವಳು ಚಿಕ್ಕ ಮಗಳು. 2019ರಲ್ಲಿ ಇಡೀ ಮನೆಯನ್ನು ಅವಳ ಹೆಸರಿಗೆ ವಿಲ್ ಮಾಡಿದರು. 2023ರಲ್ಲಿ ತೀರಿಹೋದರು. ಮರುವರ್ಷ ಮಗ ಪಾಲಿಗೆ ದಾವಾ ಹಾಕಿದ: "ಅಪ್ಪ ಊರಿನ ಆಲೂಗಡ್ಡೆ ದುಡ್ಡಿನಲ್ಲಿ ಸೈಟು ಕೊಂಡರು, ಜಮೀನು ಮಾರಿ ಮನೆ ಕಟ್ಟಿದರು. ಇದು ಪಿತ್ರಾರ್ಜಿತ."

ಈ ಒಂದು ಮಾತು ನಿಂತರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಮನೆ ಸ್ವಯಾರ್ಜಿತ ಅಂತ ತೀರ್ಮಾನವಾದರೆ ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಬಂದ ಹಕ್ಕೇ ಇಲ್ಲ. ಮೇಷ್ಟ್ರು ಚಿಕ್ಕ ಮಗಳಿಗೆ ಕೊಡಬಹುದು, ಮಠಕ್ಕೆ ಕೊಡಬಹುದು, ಪಕ್ಕದ ಮನೆಯವರಿಗೂ ಕೊಡಬಹುದು. ಮಗನಿಗೆ ಒಂದು ಇಟ್ಟಿಗೆಯೂ ಬಿಡದಿದ್ದರೂ ವಿಲ್ ಕೆಡುವುದಿಲ್ಲ. ಒಟ್ಟು ಕುಟುಂಬದ ಆಸ್ತಿ ಅಂತಾದರೆ ಲೆಕ್ಕವೇ ಬೇರೆ. ಅಪ್ಪ ಮತ್ತು ಮೂರು ಮಕ್ಕಳು, ಒಟ್ಟು ನಾಲ್ಕು ಪಾಲು. ಹೆಣ್ಣುಮಕ್ಕಳೂ ಈ ಲೆಕ್ಕದಲ್ಲಿ ಬರುತ್ತಾರೆ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ 2005ರ ತಿದ್ದುಪಡಿ ಅವರಿಗೆ ಈ ಹಕ್ಕು ಕೊಟ್ಟಿವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಅಪ್ಪ ವಿಲ್ ಮಾಡಬಹುದಾದದ್ದು ತನ್ನ ಕಾಲು ಪಾಲನ್ನು ಮಾತ್ರ. ಆಗ ಚಿಕ್ಕ ಮಗಳಿಗೆ ತನ್ನ ಕಾಲು, ಅಪ್ಪನ ಕಾಲು ಸೇರಿ ಅರ್ಧ ಮನೆ. ಉಳಿದರ್ಧ ಅಣ್ಣನಿಗೂ ಅಕ್ಕನಿಗೂ. ವಿಲ್ ಒಂದೇ, ಸಿಗುವುದು ಪೂರ್ತಿ ಮನೆ ಅಥವಾ ಅರ್ಧ. (ಇದೆಲ್ಲ ಹಿಂದೂ ಕಾನೂನಿನ ಮಾತು. ಮುಸ್ಲಿಂ, ಕ್ರೈಸ್ತ ಬಂಧುಗಳಿಗೆ ನಿಯಮ ಬೇರೆ.)

ಈಗ ರುಜುವಾತಿಗೆ ಬರೋಣ. ಯಾರು ಏನನ್ನು ತೋರಿಸಬೇಕು ಅನ್ನುವುದೇ ಇಲ್ಲಿ ಅರ್ಧ ಕೇಸು. ಕುಟುಂಬ ಒಟ್ಟಿಗಿದೆ ಅಂದ ಮಾತ್ರಕ್ಕೆ ಮನೆಯೂ ಕುಟುಂಬದ್ದು ಅಂತ ಕೋರ್ಟು ಊಹಿಸಿಕೊಳ್ಳುವುದಿಲ್ಲ. ಕುಟುಂಬದ್ದು ಅಂತ ಹೇಳುವವನು, ಅಂದರೆ ಮಗ, ಮೊದಲು ಒಂದು ಮೂಲ ಆಸ್ತಿ ಇತ್ತು ಅಂತ ತೋರಿಸಬೇಕು. ವಕೀಲರು ಇದನ್ನು ನ್ಯೂಕ್ಲಿಯಸ್ ಅನ್ನುತ್ತಾರೆ. ಬರೀ ಜಮೀನು ಇತ್ತು ಅಂದರೆ ಸಾಲದು. ಸಂಸಾರದ ಖರ್ಚು ಕಳೆದು ಸೈಟು ಕೊಳ್ಳುವಷ್ಟು ಮಿಗುತ್ತಿತ್ತು ಅಂತ ತೋರಿಸಬೇಕು. ಅಷ್ಟು ತೋರಿಸಿದರೆ ಹೊರೆ ಈ ಕಡೆಗೆ ವಾಲುತ್ತದೆ. ಆಗ, ಆ ದುಡ್ಡು ಮುಟ್ಟದೆ ಸ್ವಂತ ದುಡಿಮೆಯಲ್ಲೇ ಕೊಂಡದ್ದು ಅಂತ ಚಿಕ್ಕ ಮಗಳು ತೋರಿಸಬೇಕು. ಸುಪ್ರೀಂ ಕೋರ್ಟು 1954ರಿಂದ ಈ ದಾರಿಯಲ್ಲೇ ನಡೆದು ಬಂದಿದೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ, ಅಂಗಡಿ ಚಂದ್ರಣ್ಣ ಪ್ರಕರಣದಲ್ಲಿ, ಇದನ್ನೇ ಮತ್ತೆ ಹೇಳಿತು.

ಮೇಷ್ಟ್ರ ಪಹಣಿ ತೆಗೆಸಿ ನೋಡಿ. 2 ಎಕರೆ 10 ಗುಂಟೆ, ಕುಷ್ಕಿ. ಬೆಳೆ ಕಾಲಂನಲ್ಲಿ ವರ್ಷ ವರ್ಷವೂ ರಾಗಿ, ಎಲ್ಲೋ ಒಂದೆರಡು ವರ್ಷ ಆಲೂಗಡ್ಡೆ. ಅದನ್ನು ನಂಬಿ ಊರಲ್ಲಿ ಮೇಷ್ಟ್ರ ಅಪ್ಪ ಅಮ್ಮ ಉಣ್ಣಬೇಕಿತ್ತು. ಇದರಲ್ಲಿ ಸೈಟಿನ ದುಡ್ಡು ಮಿಗಲು ಸಾಧ್ಯವೇ ಅಂತ ಪಾಟೀಸವಾಲಿನಲ್ಲಿ ಮಗನನ್ನು ಕೇಳಬಹುದು. ಇದೇ ಮೇಷ್ಟ್ರ ಕುಟುಂಬಕ್ಕೆ ಮೂಡಿಗೆರೆ ಕಡೆ 20 ಎಕರೆ ಕಾಫಿ ತೋಟ ಇದ್ದಿದ್ದರೆ ಈ ಪ್ರಶ್ನೆ ಕೇಳಲಿಕ್ಕೇ ಆಗುತ್ತಿರಲಿಲ್ಲ. ತೋಟದ ಕುಟುಂಬದ ಯಜಮಾನ ಚಿಕ್ಕಮಗಳೂರು ಪೇಟೆಯಲ್ಲಿ ಮನೆ ಕೊಂಡು ಸ್ವಂತದ್ದು ಅಂದರೆ, ಒಂದೊಂದು ರೂಪಾಯಿಗೂ ಲೆಕ್ಕ ಕೊಡಬೇಕಾಗುತ್ತದೆ.

ಮಗನ ಕಡೆಯವರು ಇನ್ನೊಂದು ಬಾಣ ಬಿಡಬಹುದು. ಮೇಷ್ಟ್ರನ್ನು ಓದಿಸಿದ್ದು ಜಮೀನಿನ ದುಡ್ಡು, ಹಾಗಾಗಿ ಸಂಬಳವೂ ಕುಟುಂಬದ್ದೇ ಅಂತ. ಒಂದು ಕಾಲದಲ್ಲಿ ಈ ವಾದಕ್ಕೆ ಬೆಲೆ ಇತ್ತು. 1930ರಲ್ಲೇ ಕಾಯ್ದೆ ತಂದು ಇದನ್ನು ನಿಲ್ಲಿಸಿದರು. ಯಾರ ಖರ್ಚಿನಲ್ಲಿ ಓದಿದರೂ ಓದಿನಿಂದ ಬಂದ ಗಳಿಕೆ ಅವನದೇ.

ಹೊರೆ ಮಗನ ಮೇಲೇ ಇರುತ್ತದೆ ಅಂತ ನಂಬಿ ಸುಮ್ನೆ ಕೂರುವುದು ಜಾಣತನವಲ್ಲ. ಚಿಕ್ಕ ಮಗಳು ದುಡ್ಡಿನ ಜಾಡು ಹಿಡಿಯಬೇಕು. ಸೈಟಿನ ಕ್ರಯಪತ್ರ 1988ರದ್ದು. ಸಬ್‌ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಆ 22,000ದಲ್ಲಿ 12,000 ಶಿಕ್ಷಕರ ಸಹಕಾರ ಸಂಘದ ಸಾಲ, ಸಂಬಳದಲ್ಲಿ ಹಿಡಿದು ತೀರಿದ್ದು. ಬಾಕಿ ಅಂಚೆ ಕಚೇರಿಯ ಆರ್.ಡಿ. ಇನ್ನು ಮನೆಗೆ ಆದ ಖರ್ಚು 1,10,000. ಗೃಹ ನಿರ್ಮಾಣ ಸಾಲ 60,000. ಇದಕ್ಕೆ ಸೈಟನ್ನೇ ಅಡಮಾನ ಇಟ್ಟಿದ್ದರಿಂದ, ಸಾಲ ಪಡೆದದ್ದೂ ತೀರಿದ್ದೂ ಇ.ಸಿ.ಯಲ್ಲಿ ದಾಖಲಾಗಿದೆ. ಹಳೆಯ ವರ್ಷಗಳ ಇ.ಸಿ.ಯನ್ನು ಕಚೇರಿಯಲ್ಲೇ ಹುಡುಕಿಸಬೇಕಾಗುತ್ತದೆ, ತಾಳ್ಮೆ ಬೇಕು. ಜಿ.ಪಿ.ಎಫ್.ನಿಂದ ತೆಗೆದದ್ದು 25,000. ಅದಕ್ಕೆ ಮಂಜೂರಾತಿ ಆದೇಶ ಇದೆ.

ಕೂಡಿಸಿ ನೋಡಿ. 85,000 ಆಯಿತು. ಇನ್ನೂ 25,000 ಎಲ್ಲಿಂದ ಬಂತು? ಎದುರು ವಕೀಲರು ಕೈ ಹಾಕುವುದು ಈ ಸಂದಿಗೇ. ಮಗ ಹೇಳುತ್ತಾನೆ, "ಜಮೀನು ಮಾರಿದ ದುಡ್ಡು" ಅಂತ. ಜಮೀನು ಮಾರಿದ್ದು ಸುಳ್ಳಲ್ಲ, 20 ಗುಂಟೆ ಮಾರಿದ್ದಾರೆ. ಆದರೆ ಆ ಕ್ರಯಪತ್ರದ ತಾರೀಖು 1996, ದೊಡ್ಡ ಮಗಳ ಮದುವೆ ಹೊತ್ತಿನದು. ನಗರಸಭೆಯ ಮೊದಲ ಮನೆ ಕಂದಾಯದ ರಸೀದಿ 1992ರದ್ದು. ನಾಲ್ಕು ವರ್ಷ ಆಮೇಲೆ ಬಂದ ದುಡ್ಡಿನಲ್ಲಿ ಮೊದಲೇ ಮನೆ ಕಟ್ಟಲು ಆಗುತ್ತದೆಯೇ? ಇಂಥ ಕೇಸುಗಳಲ್ಲಿ ನೂರು ಮಾತಿನ ಸಾಕ್ಷಿಗಿಂತ ಎರಡು ತಾರೀಖು ಹೆಚ್ಚು ಕೆಲಸ ಮಾಡುತ್ತವೆ. ಹಾಗಾದರೆ ಆ 25,000? ಹೆಂಡತಿಯ ಒಡವೆ ಬ್ಯಾಂಕಿನಲ್ಲಿ ಗಿರವಿ ಇಟ್ಟ ಚೀಟಿ ಅಮ್ಮನ ಸೀರೆ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಒಡವೆ ಆಕೆಯ ಸ್ವಂತ ಸೊತ್ತು, ಕುಟುಂಬದ ಮೂಲ ಆಸ್ತಿಯಲ್ಲ. ಸಂದಿ ಮುಚ್ಚಿತು.

ಸರ್ಕಾರಿ ನೌಕರರಾಗಿದ್ದವರಿಗೆ ಒಂದು ಅನುಕೂಲವಿದೆ, ಹೆಚ್ಚಿನವರು ಮರೆತಿರುತ್ತೀರಿ. ವರ್ಷಾವರ್ಷ ನೀವು ಇಲಾಖೆಗೆ ಕೊಡುತ್ತಿದ್ದ ಆಸ್ತಿ ಮತ್ತು ಹೊಣೆಗಾರಿಕೆ ವಿವರ. 1966ರ ನಡತೆ ನಿಯಮಗಳ ಪ್ರಕಾರ ಕೊಡಲೇಬೇಕಿದ್ದ ಕಾಗದ ಅದು. ಆಸ್ತಿ ಹೇಗೆ ಬಂತು, ಕ್ರಯಕ್ಕೋ ಪಿತ್ರಾರ್ಜಿತವೋ, ಅಂತ ಅದರಲ್ಲಿ ಬರೆದಿರುತ್ತೀರಿ. ಮಕ್ಕಳ ನಡುವೆ ಜಗಳವೇ ಇಲ್ಲದ ಕಾಲದಲ್ಲಿ ಬರೆದದ್ದರಿಂದ ಅದರ ಮಾತಿಗೆ ತೂಕ ಜಾಸ್ತಿ. ವಿಲ್‌ನಲ್ಲಿ "ಇದು ನನ್ನ ಸ್ವಯಾರ್ಜಿತ" ಅಂತ ಬರೆದ ಸಾಲಿಗೆ ಅಷ್ಟು ತೂಕ ಬರುವುದಿಲ್ಲ. ಅದು ನಿಮ್ಮ ಮಾತು ಅಷ್ಟೇ. ನಿಮ್ಮನ್ನು ಪಾಟೀಸವಾಲಿಗೆ ಕರೆಯಲು ಆಗ ನೀವೇ ಇರುವುದಿಲ್ಲ.

ಇಷ್ಟೆಲ್ಲ ಕಾಗದ ಇದ್ದೂ ಕೇಸು ಸೋಲುವುದುಂಟು. ಕಾರಣ ಸಾಮಾನ್ಯವಾಗಿ ಪಾಲುಪಟ್ಟಿ. ಊರಿನ ಜಮೀನು ಹಂಚಿಕೊಳ್ಳುವಾಗ, "ಎಲ್ಲಾ ಒಂದೇ ಕಡೆ ಬರಲಿ" ಅಂತ ಹಾಸನದ ಮನೆಯನ್ನೂ ಷೆಡ್ಯೂಲಿಗೆ ಸೇರಿಸಿ, "ನಮ್ಮ ಒಟ್ಟು ಕುಟುಂಬದ ಸ್ವತ್ತುಗಳು" ಅಂತ ತಲೆಬರಹ ಹಾಕಿ ಅಪ್ಪ ಸಹಿ ಮಾಡಿರುತ್ತಾರೆ. ಸ್ವಂತ ಆಸ್ತಿಯನ್ನು ತಾನೇ ಒಟ್ಟಿಗೆ ಸೇರಿಸಿದ ಹಾಗೆ ಅದು. ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ. ಮಗನನ್ನು ಸಂಸಾರ ಸಮೇತ ಮನೆಯಲ್ಲಿ ಇಟ್ಟುಕೊಂಡಿರಿ, ಬಾಡಿಗೆ ದುಡ್ಡಿನಲ್ಲಿ ಎಲ್ಲರನ್ನೂ ಸಾಕಿದಿರಿ ಎಂದ ಮಾತ್ರಕ್ಕೆ ಮನೆ ಒಟ್ಟು ಕುಟುಂಬದ್ದಾಗುವುದಿಲ್ಲ. ಅದು ಪ್ರೀತಿ, ಹಕ್ಕು ಬಿಟ್ಟುಕೊಟ್ಟದ್ದಲ್ಲ. ನನ್ನ ಹಕ್ಕು ಬಿಟ್ಟೆ ಅನ್ನುವ ಉದ್ದೇಶ ಸ್ಪಷ್ಟವಾಗಿ ಕಾಣಬೇಕು. ಸಹಿ ಹಾಕಿದ ಪಾಲುಪಟ್ಟಿಯಲ್ಲಿ ಅದು ಕಾಣುತ್ತದೆ.

ಇನ್ನೊಂದು ತೊಡಕು ಹಳ್ಳಿಯಲ್ಲೇ ಮನೆ ಕಟ್ಟಿದವರದ್ದು. ಪೂರಾ ಪಿ.ಎಫ್. ದುಡ್ಡು ಹಾಕಿ ಆರ್.ಸಿ.ಸಿ. ಮನೆ ಕಟ್ಟಿರುತ್ತಾರೆ, ಆದರೆ ಕೆಳಗಿನ ಜಾಗ ತಾತನ ಹಳೇ ಮನೆಯ ನಿವೇಶನ. ಕಟ್ಟಡಕ್ಕೆ ಹಾಕಿದ ದುಡ್ಡಿನ ಲೆಕ್ಕವನ್ನು ಕೋರ್ಟಿನಲ್ಲಿ ಕೇಳಿಕೊಳ್ಳಬಹುದು, ಆದರೆ ನೆಲ ಪಿತ್ರಾರ್ಜಿತವಾಗಿಯೇ ಉಳಿಯುತ್ತದೆ. ಇಂಥ ಮನೆಗೆ "ಸ್ವಯಾರ್ಜಿತ" ಅಂತ ವಿಲ್ ಬರೆಸಲು ಬಂದವರಿಗೆ ನಾನು ಮೊದಲು ನಿವೇಶನದ ಕಾಗದ ತನ್ನಿ ಅನ್ನುತ್ತೇನೆ.

ಹಾಗಾದರೆ ವಿಲ್‌ನಲ್ಲಿ ಏನು ಬರೆಯಬೇಕು? ಬರೀ ಸ್ವಯಾರ್ಜಿತ ಅಂತ ಬರೆದು ಮುಂದೆ ಹೋಗಬೇಡಿ. ಯಾವ ತಾರೀಖಿನ, ಯಾವ ನಂಬರಿನ ಕ್ರಯಪತ್ರ, ಯಾವ ಸಾಲ, ಯಾವಾಗ ತೀರಿತು, ಅದರ ಕಾಗದ ಯಾರ ಹತ್ತಿರ ಇದೆ ಅಂತ ಬರೆಯಿರಿ. ಕಾಗದಗಳನ್ನು ವಿಲ್ ಜೊತೆಗೇ ಕಟ್ಟಿಡಿ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು, ನೋಂದಣಿ ಕಡ್ಡಾಯವಲ್ಲ. ನಿಮಗಿಂತ ವಯಸ್ಸಾದವರನ್ನು ಸಾಕ್ಷಿ ಹಾಕಿಸಬೇಡಿ. ಮುಂದೆ ಅವರಲ್ಲೊಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿ: ಒಂದು ವೇಳೆ ಈ ಮನೆ ಒಟ್ಟು ಕುಟುಂಬದ್ದು ಅಂತ ಕೋರ್ಟು ತೀರ್ಮಾನಿಸಿದರೆ, ಅದರಲ್ಲಿ ನನಗೆ ಬರುವ ಪಾಲು ಪೂರ್ತಿ ಚಿಕ್ಕ ಮಗಳಿಗೆ ಸೇರತಕ್ಕದ್ದು. ಮೇಷ್ಟ್ರು ಈ ಸಾಲು ಬರೆದಿದ್ದರೆ, ಕೇಸು ಸೋತರೂ ಅವರ ಕಾಲು ಪಾಲಿನ ಬಗ್ಗೆ ಮತ್ತೊಂದು ಜಗಳಕ್ಕೆ ದಾರಿ ಇರುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಪಹಣಿ, ಪಾಲುಪಟ್ಟಿ ತಂದಿರುವವರು ಮುಂದೆ ಬನ್ನಿ.