ಹದಿನೇಳು ಇಪ್ಪತ್ತು ಅಂದರೆ ಎಷ್ಟು ಗಂಟೆ?

ಕೇಳುಗರಿಗೆ ನಮಸ್ಕಾರ.

ನಿಮ್ಮ ಕೈಯಲ್ಲೊಂದು ರೈಲು ಟಿಕೆಟ್ ಇದೆ ಅಂದುಕೊಳ್ಳಿ. ಉಡುಪಿಯ ಇಂದ್ರಾಳಿ ನಿಲ್ದಾಣದಿಂದಲೋ ಮಂಗಳೂರು ಸೆಂಟ್ರಲ್‌ನಿಂದಲೋ ಹೊರಡುವ ಟಿಕೆಟ್. ಅದರಲ್ಲಿ ಹೊರಡುವ ಸಮಯ 17:20 ಎಂದಿದೆ. ಮನೆಯ ಗೋಡೆ ಗಡಿಯಾರದಲ್ಲಿ ಹದಿನೇಳು ಎಂಬ ಅಂಕಿಯೇ ಇಲ್ಲ. ಅವಸರದಲ್ಲಿ ಕಣ್ಣು ಏಳರ ಮೇಲೆ ನಿಲ್ಲುತ್ತದೆ, ಬಾಯಿ ‘ಸಂಜೆ ಏಳು ಇಪ್ಪತ್ತು’ ಎನ್ನುತ್ತದೆ. ಏಳಕ್ಕೆ ನಿಲ್ದಾಣ ತಲುಪುವ ಹೊತ್ತಿಗೆ ರೈಲು ಹೋಗಿ ಒಂದು ಗಂಟೆ ನಲವತ್ತು ನಿಮಿಷ ಕಳೆದಿರುತ್ತದೆ.

ಈ ತಪ್ಪು ಆಗುವ ಬಗೆಯನ್ನು ಮೊದಲು ನೋಡೋಣ. ಹದಿನೇಳರಲ್ಲಿ ‘ಹದಿ’ಯನ್ನು ಕೈಬಿಟ್ಟು ಏಳನ್ನು ಇಟ್ಟುಕೊಂಡರೆ ನಾವು ಕಳೆದದ್ದು ಹತ್ತು ಮಾತ್ರ. ಟಿಕೆಟಿನ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಮಧ್ಯಾಹ್ನ ಹನ್ನೆರಡಾದ ಮೇಲೆ ಮತ್ತೆ ಒಂದಕ್ಕೆ ಬರದೆ ಹದಿಮೂರು, ಹದಿನಾಲ್ಕು ಎಂದು ಮುಂದುವರಿಯುತ್ತದೆ, ಹಾಗಾಗಿ ಕಳೆಯಬೇಕಾದದ್ದು ಹನ್ನೆರಡು. ಇನ್ನೂ ಎರಡು ಬಾಕಿ ಇದೆ. ಹಾಗಾಗಿ ಹನ್ನೆರಡನ್ನು ಒಮ್ಮೆಗೇ ಕಳೆಯಲು ಹೋಗದೆ ಎರಡು ಹೆಜ್ಜೆಯಲ್ಲಿ ಕಳೆಯುವುದು ಒಳ್ಳೆಯದು: ಮೊದಲು ಹತ್ತು, ಆಮೇಲೆ ಎರಡು. ಹದಿನೇಳರಲ್ಲಿ ಹತ್ತು ಹೋದರೆ ಏಳು, ಏಳರಲ್ಲಿ ಎರಡು ಹೋದರೆ ಐದು. 17:20 ಅಂದರೆ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ನಿಮಿಷವನ್ನು ಮುಟ್ಟುವ ಹಾಗೇ ಇಲ್ಲ, ಅದು ಎರಡೂ ಲೆಕ್ಕದಲ್ಲಿ ಒಂದೇ.

ಇಪ್ಪತ್ತರ ಮೇಲಿನ ಗಂಟೆಗಳಲ್ಲಿ ಎಡವುವವರು ಹೆಚ್ಚು. 20:15 ಕಂಡಾಗ ಹತ್ತೂಕಾಲು ಅನ್ನುವವರಿದ್ದಾರೆ. ಅವರೂ ಹತ್ತನ್ನು ಕಳೆದು ಅಲ್ಲಿಗೇ ನಿಂತವರು. ಇಪ್ಪತ್ತರಲ್ಲಿ ಹತ್ತು ಹೋಗಿ ಹತ್ತು, ಅದರಲ್ಲಿ ಎರಡು ಹೋಗಿ ಎಂಟು, ಅಂದರೆ ರಾತ್ರಿ ಎಂಟೂಕಾಲು. ಇಪ್ಪತ್ತೊಂದು ಹೀಗೆಯೇ ಹನ್ನೊಂದಾಗಿ ಒಂಬತ್ತಕ್ಕೆ ಇಳಿಯುತ್ತದೆ. ಇಪ್ಪತ್ತೆರಡು ಹನ್ನೆರಡಾಗಿ ಹತ್ತಕ್ಕೆ, ಇಪ್ಪತ್ತಮೂರು ಹದಿಮೂರಾಗಿ ಹನ್ನೊಂದಕ್ಕೆ. ಇಪ್ಪತ್ತನಾಲ್ಕಕ್ಕೆ ಕಾಯಬೇಡಿ. 23:59 ಆದ ಮೇಲೆ ಟಿಕೆಟಿನ ಗಡಿಯಾರ 00:00ಕ್ಕೆ ಹೋಗುತ್ತದೆ.

ಲೆಕ್ಕ ಸರಿಯಾದರೂ ಇನ್ನೊಂದು ಕಡೆ ಮಾಹಿತಿ ಸೋರಿಹೋಗುತ್ತದೆ. 17:20 ಎಂಬ ಬರಹದೊಳಗೆ ‘ಸಂಜೆ’ ಎಂಬುದು ಅಡಗಿದೆ. ಅದನ್ನು ಐದು ಇಪ್ಪತ್ತು ಮಾಡಿದ ಕ್ಷಣಕ್ಕೆ ಆ ಸಂಜೆ ಅಂಕಿಯಿಂದ ಹೊರಗೆ ಬಿತ್ತು. ಈಗ ಅದನ್ನು ಬಾಯಿಂದ ಹೇಳದಿದ್ದರೆ ಕೇಳುವವರಿಗೆ ಬೆಳಗ್ಗಿನ 05:20 ಕೂಡ ಐದು ಇಪ್ಪತ್ತೇ. ಊರಿಂದ ಬರುವ ಅತ್ತೆಯನ್ನು ಕರೆತರಲು ಮಗನಿಗೆ ಫೋನಿನಲ್ಲಿ ಹೇಳುವಾಗ ‘ಐದು ಇಪ್ಪತ್ತಕ್ಕೆ ರೈಲು’ ಎಂದರೆ ಸಾಲದು. ಹೊತ್ತಿನ ಹೆಸರು ಮೊದಲು, ಅಂಕಿ ಆಮೇಲೆ ಬರಲಿ: ‘ಸಂಜೆ, ಐದು ಇಪ್ಪತ್ತು’. ಟಿಕೆಟಿನಲ್ಲಿ ಹನ್ನೆರಡರಿಂದ ಹದಿನೈದರವರೆಗೆ ಇದ್ದರೆ ಮಧ್ಯಾಹ್ನ, ಹದಿನಾರರಿಂದ ಹದಿನೆಂಟು ಸಂಜೆ, ಹತ್ತೊಂಬತ್ತರಿಂದ ಮುಂದೆ ರಾತ್ರಿ ಎಂದು ಹೇಳಿದರೆ ನಮ್ಮ ಕಡೆ ಯಾರಿಗೂ ಗೊಂದಲವಾಗದು. ಸೊನ್ನೆಯಿಂದ ಶುರುವಾಗುವ 05, 06, 09 ಇವೆಲ್ಲ ಬೆಳಗ್ಗಿನವು. ಅವುಗಳಲ್ಲಿ ಕಳೆಯುವುದಕ್ಕೆ ಏನೂ ಇಲ್ಲ.

ಇನ್ನು ಹನ್ನೆರಡಕ್ಕೆ ಬರೋಣ. 12:30 ಎಂದರೆ ಮಧ್ಯಾಹ್ನ ಹನ್ನೆರಡೂವರೆ, ಇದ್ದ ಹಾಗೇ. ಮಧ್ಯಾಹ್ನವಲ್ಲವೇ, ಹನ್ನೆರಡು ಕಳೆಯಬೇಕಲ್ಲವೇ ಎಂದು ಹೊರಟರೆ ಸೊನ್ನೆ ಮೂವತ್ತು ಉಳಿಯುತ್ತದೆ, ಅದು ನಡುರಾತ್ರಿಯ ಹೊತ್ತು. ಹೀಗಾಗುವುದಕ್ಕೆ ಕಾರಣ ಗೋಡೆ ಗಡಿಯಾರದಲ್ಲಿ ಸೊನ್ನೆ ಇಲ್ಲದಿರುವುದು. ಸೊನ್ನೆ ಇರಬೇಕಾದ ತುದಿಯಲ್ಲಿ ಹನ್ನೆರಡು ಕೂತಿದೆ. ನಡುಹಗಲಿಗೂ ನಡುರಾತ್ರಿಗೂ ಮುಳ್ಳು ಅಲ್ಲಿಗೇ ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಅವೆರಡನ್ನು ಬಿಡಿಸಿ, ಹಗಲಿನದಕ್ಕೆ 12, ರಾತ್ರಿಯದಕ್ಕೆ 00 ಎಂದು ಬೇರೆ ಬೇರೆ ಗುರುತು ಕೊಟ್ಟಿದೆ. ಆದ್ದರಿಂದ ಹದಿಮೂರು ಮತ್ತು ಅದಕ್ಕಿಂತ ಮೇಲಿನದರಲ್ಲಿ ಮಾತ್ರ ಕಳೆಯಬೇಕು. 00 ಕಂಡರೆ ಹನ್ನೆರಡು ಕೂಡಿಸಿ ಓದಬೇಕು: 00:40 ಎಂದರೆ ರಾತ್ರಿ ಹನ್ನೆರಡು ನಲವತ್ತು.

ರೈಲು ತಪ್ಪಿಸುವುದರಲ್ಲಿ ಈ 00 ಎಲ್ಲಕ್ಕಿಂತ ಮುಂದು. ಯಾಕೆಂದರೆ ಇಲ್ಲಿ ತಪ್ಪಿದರೆ ಎರಡು ಗಂಟೆಯಲ್ಲ, ಪೂರ್ತಿ ಒಂದು ದಿನ ತಪ್ಪುತ್ತದೆ. ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

ಉಡುಪಿಯಿಂದ ಹೊರಡುವ ಟಿಕೆಟಿನಲ್ಲಿ ದಿನಾಂಕ 15, ಆದಿತ್ಯವಾರ, ಸಮಯ 00:40 ಎಂದಿದೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರೂ ಇದನ್ನು ‘ಆದಿತ್ಯವಾರ ರಾತ್ರಿ ಹನ್ನೆರಡು ನಲವತ್ತು’ ಎಂದು ಓದುತ್ತಾರೆ. ಆದಿತ್ಯವಾರ ಹಗಲಿಡೀ ಬಟ್ಟೆ ಜೋಡಿಸಿ, ರಾತ್ರಿ ಊಟ ಮುಗಿಸಿ, ಹನ್ನೆರಡಕ್ಕೆ ಇಂದ್ರಾಳಿಗೆ ಬರುತ್ತಾರೆ. ಆ ರೈಲು ಹಿಂದಿನ ರಾತ್ರಿಯೇ ಹೋಗಿಬಿಟ್ಟಿದೆ. ಅವರು ನಿಂತಿರುವುದು ಸೋಮವಾರ, 16ನೇ ತಾರೀಕಿನ 00:40ರ ಹೊಸ್ತಿಲಲ್ಲಿ.

ಇದು ಅಜ್ಞಾನದಿಂದ ಆಗುವ ತಪ್ಪಲ್ಲ. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಶನಿವಾರ ಎಂದರೆ ಶನಿವಾರದ ಸೂರ್ಯೋದಯದಿಂದ ಆದಿತ್ಯವಾರದ ಸೂರ್ಯೋದಯದವರೆಗೆ. ರಾತ್ರಿಯಿಡೀ ನಡೆಯುವ ಯಕ್ಷಗಾನ ಶನಿವಾರ ಶುರುವಾದರೆ, ಚೌಕಿಗೆ ಬೆಳಗು ಬೀಳುವವರೆಗೂ ಅದು ಶನಿವಾರದ ಆಟವೇ. ನಮ್ಮ ಮಾತಿನಲ್ಲಿ ‘ಶನಿವಾರ ರಾತ್ರಿ ಒಂದು ಗಂಟೆ’ ಎಂಬುದು ಸರಿಯಾದ ಮಾತು. ರೈಲ್ವೆಯ ದಿನಾಂಕ ಮಾತ್ರ ಸೂರ್ಯೋದಯಕ್ಕೆ ಕಾಯದೆ 00:00ಕ್ಕೇ ಮಗುಚಿಕೊಳ್ಳುತ್ತದೆ. ಆದಿತ್ಯವಾರದ 00:40 ನಮ್ಮ ಮಾತಿನ ಶನಿವಾರ ರಾತ್ರಿ. 01, 02, 03ರಿಂದ ಶುರುವಾಗುವ ಸಮಯಗಳಿಗೂ ಇದೇ ಲೆಕ್ಕ.

ಇದನ್ನು ನೆನಪಿನ ಮೇಲೆ ಬಿಡುವ ಬದಲು ಟಿಕೆಟ್ ಕೈಗೆ ಬಂದ ದಿನವೇ ಮನೆ ಬಿಡುವ ಸಮಯವನ್ನು ಲೆಕ್ಕಹಾಕಿ, ದಿನಾಂಕದ ಜೊತೆ ಬರೆದಿಡಿ. ದಾರಿಗೆ ಅರ್ಧ ಗಂಟೆ, ನಿಲ್ದಾಣದಲ್ಲಿ ಕೈಯಲ್ಲಿರಲಿ ಎಂದು ಇನ್ನರ್ಧ ಗಂಟೆ, ಒಟ್ಟು ಒಂದು ಗಂಟೆ ಮುಂಚೆ ಹೊರಡಬೇಕು ಅಂದುಕೊಳ್ಳಿ. 00:40ರಿಂದ ನಲವತ್ತು ನಿಮಿಷ ಹಿಂದೆ ಹೋದರೆ 00:00 ಬಂತು, ಅಲ್ಲಿಗೆ 15ನೇ ತಾರೀಕು ಮುಗಿಯಿತು. ಉಳಿದ ಇಪ್ಪತ್ತು ನಿಮಿಷಕ್ಕೆ ಹಿಂದಿನ ದಿನದೊಳಗೆ ಕಾಲಿಡಲೇಬೇಕು: 14ನೇ ತಾರೀಕು, 23:40. ಇಪ್ಪತ್ತಮೂರರಲ್ಲಿ ಹತ್ತು ಹೋಗಿ ಹದಿಮೂರು, ಎರಡು ಹೋಗಿ ಹನ್ನೊಂದು. ಶನಿವಾರ ರಾತ್ರಿ ಹನ್ನೊಂದು ನಲವತ್ತಕ್ಕೆ ಮನೆ ಬಿಡಬೇಕು. ಹೀಗೆ ಲೆಕ್ಕ ಮಾಡಿದವರಿಗೆ ದಿನ ತಪ್ಪುವುದಿಲ್ಲ, ಏಕೆಂದರೆ ಕಳೆಯುವಾಗಲೇ ತಾರೀಕು ಹಿಂದಕ್ಕೆ ಬಂದಿರುತ್ತದೆ. ರಿಕ್ಷಾದವರಿಗೆ ಹೇಳುವಾಗಲೂ ಹನ್ನೆರಡು ನಲವತ್ತರ ಸುದ್ದಿ ತೆಗೆಯದೆ, ‘ಅಣ್ಣ, 14ನೇ ತಾರೀಕು ಶನಿವಾರ ರಾತ್ರಿ ಊಟ ಆದ ಮೇಲೆ, ಹನ್ನೊಂದೂವರೆಗೆ ಮನೆ ಹತ್ತಿರ ಬನ್ನಿ’ ಎನ್ನಿ. ಆ ‘ಊಟ ಆದ ಮೇಲೆ’ ಎಂಬುದು ಬಹಳ ಕೆಲಸ ಮಾಡುತ್ತದೆ.

ಹೊಸದಾಗಿ ಟಿಕೆಟ್ ಮಾಡಿಸುವಾಗ ಇದೇ ಮಾತು ತಿರುಗುಮುರುಗಾಗಿ ಬರುತ್ತದೆ. ನಿಮಗೆ ಶನಿವಾರ ರಾತ್ರಿಯ ಊಟ ಮುಗಿಸಿ ಹೋಗಬೇಕು, ರೈಲು ಉಡುಪಿಗೆ ಬರುವುದು 00:40ಕ್ಕೆ ಎಂದಾದರೆ, ಉಡುಪಿಯಿಂದ ಕೇಳಬೇಕಾದ ದಿನಾಂಕ ಆದಿತ್ಯವಾರದ್ದು. ಶನಿವಾರದ್ದು ಕೇಳಿದರೆ ಶುಕ್ರವಾರ ರಾತ್ರಿಯ ರೈಲು ಸಿಗುತ್ತದೆ.

ಟಿಕೆಟಿನಲ್ಲಿ ಹೊರಡುವ ಮತ್ತು ತಲುಪುವ ಸಮಯ ಎರಡೂ ಇದ್ದರೆ ಪರೀಕ್ಷೆ ಮಾಡಿಕೊಳ್ಳಬಹುದು. ಹೊರಡುವುದು 21:35, ತಲುಪುವುದು 06:10 ಅಂದುಕೊಳ್ಳಿ. ತಲುಪುವ ಅಂಕಿ ಚಿಕ್ಕದಾಗಿದೆ, ಅಂದರೆ ನಡುವೆ ತಾರೀಕು ಬದಲಾಗಿದೆ. ನಡುರಾತ್ರಿಯವರೆಗೆ ಎರಡು ಗಂಟೆ ಇಪ್ಪತ್ತೈದು ನಿಮಿಷ, ಆಮೇಲೆ ಆರು ಗಂಟೆ ಹತ್ತು ನಿಮಿಷ, ಒಟ್ಟು ಎಂಟು ಗಂಟೆ ಮೂವತ್ತೈದು ನಿಮಿಷದ ಪ್ರಯಾಣ. ಅದೇ ದಾರಿಗೆ ಸಾಮಾನ್ಯವಾಗಿ ಹಿಡಿಯುವ ಹೊತ್ತಿಗೆ ಇದು ಹೊಂದಿದರೆ ನಿಮ್ಮ ಓದು ಸರಿ. ಇಪ್ಪತ್ತು ಗಂಟೆಯೋ ಒಂದು ಗಂಟೆಯೋ ಬಂದರೆ ಎಲ್ಲೋ ಬೆಳಗ್ಗೆ ಸಂಜೆ ಅದಲುಬದಲಾಗಿದೆ.

ಮೊಬೈಲಿನ ಅಲಾರಂ ಬಗ್ಗೆಯೂ ಹೇಳಬೇಕು. ಹನ್ನೆರಡು ಗಂಟೆಯ ಲೆಕ್ಕದಲ್ಲಿರುವ ಫೋನು ಎಎಂ, ಪಿಎಂ ಕೇಳುತ್ತದೆ. ನಡುರಾತ್ರಿಯಿಂದ ನಡುಹಗಲಿನವರೆಗೆ ಎಎಂ, ಅಲ್ಲಿಂದ ಮುಂದೆ ಪಿಎಂ. ಹಾಗಾಗಿ ಮಧ್ಯಾಹ್ನ ಹನ್ನೆರಡೂಕಾಲು ಪಿಎಂ, ರಾತ್ರಿಯ ಹನ್ನೆರಡೂಕಾಲು ಎಎಂ. ಕತ್ತಲೆಯ ಹೊತ್ತು ಎಂದು ರಾತ್ರಿಯದಕ್ಕೆ ಪಿಎಂ ಒತ್ತಿದರೆ ಅದು ಮರುದಿನ ಹಗಲಿನಲ್ಲಿ ಹೊಡೆದುಕೊಳ್ಳುತ್ತದೆ. ನನ್ನ ಮಾತು ಕೇಳುವುದಾದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯದ ಭಾಗಕ್ಕೆ ಹೋಗಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವನ್ನು ಆನ್ ಮಾಡಿ. ಆಮೇಲೆ ಟಿಕೆಟಿನ ಅಂಕಿಗೂ ಫೋನಿನ ಅಂಕಿಗೂ ವ್ಯತ್ಯಾಸವಿಲ್ಲ, ಕಳೆಯುವ ಕೆಲಸವೂ ಇಲ್ಲ. ಬಾಯಿಮಾತಿಗೆ ಮಾತ್ರ ಹನ್ನೆರಡು ಗಂಟೆಯ ಲೆಕ್ಕ ಸಾಕು.

ರೈಲು ತಡವಾದಾಗ ಒಂದು ವಿಷಯ ಗಮನದಲ್ಲಿರಲಿ. 14ನೇ ತಾರೀಕು 23:50ಕ್ಕೆ ಬರಬೇಕಾದ ರೈಲು ಅರ್ಧ ಗಂಟೆ ತಡವಾದರೆ ಫಲಕದಲ್ಲಿ 00:20 ಕಾಣಿಸುತ್ತದೆ, ಫೋನು 15 ತೋರಿಸುತ್ತದೆ. ಟಿಕೆಟ್ 14ರದ್ದೇ, ಅದೇ ರೈಲಿಗೆ ಸಲ್ಲುತ್ತದೆ, ಗಾಬರಿ ಬೇಡ. ರೈಲು ಎಲ್ಲಿದೆ ಎಂದು ಫೋನಿನಲ್ಲಿ ಹುಡುಕುವಾಗ ಕೇಳುವ ದಿನಾಂಕ ಸಾಮಾನ್ಯವಾಗಿ ನೀವು ಹತ್ತುವ ದಿನದ್ದಲ್ಲ, ರೈಲು ತನ್ನ ಮೊದಲ ನಿಲ್ದಾಣ ಬಿಟ್ಟ ದಿನದ್ದು. ನಮ್ಮ 00:40ರ ರೈಲು ಅಲ್ಲಿ ಶನಿವಾರ ಸಂಜೆ ಹೊರಟಿದ್ದರೆ 14 ಎಂದು ಆರಿಸಬೇಕು. 15 ಎಂದು ಆರಿಸಿದರೆ ಇನ್ನೂ ಹೊರಡದ, ಮರುದಿನದ ರೈಲಿನ ವಿವರ ಬರುತ್ತದೆ, ನಿಮ್ಮದು ಅಷ್ಟರಲ್ಲಿ ಪ್ಲಾಟ್‌ಫಾರ್ಮಿಗೆ ಬಂದಿರಬಹುದು.

ನಮಸ್ಕಾರ.